ಕಿಟಕಿ ಹಾಕ್ತೀಯಾ?

ದಕ್ಷಿಣ ಕೊರಿಯಾದ ಬುಸಾನ್‌ನ ಹಾಸ್ಟೆಲ್ಲಿನಲ್ಲಿ ಸವಿತಾಳಿಗೆ ಸಿಕ್ಕಿದ್ದು ಐದನೇ ಮಾಳಿಗೆಯ ಕೋಣೆ. ಎರಡು ಮಂಚ, ಎರಡು ಮೇಜು, ನಡುವೆ ಒಬ್ಬರು ಅಡ್ಡ ತಿರುಗಿ ದಾಟುವಷ್ಟು ಜಾಗ. ಕಿಟಕಿ ಪಕ್ಕದ ಮಂಚ ಆಗಲೇ ಒಬ್ಬಳದಾಗಿತ್ತು. ಮಂಗೋಲಿಯಾದ ಉಲಾನ್‌ಬಾತರ್‌ನ ಓಯುನ್. ಅಗಲ ಮುಖ, ಗಟ್ಟಿ ದನಿ. ಸವಿತಾ ಚೀಲ ಇಳಿಸುವ ಮೊದಲೇ ಬಲಗೈಯಲ್ಲಿ ಒಂದು ಬಿಳಿ ತುಂಡು ಮುಂದೆ ಚಾಚಿದಳು. ಕೊಡುವಾಗ ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಂಡಿದ್ದಳು. ಒಣಗಿಸಿದ ಮೊಸರಂತೆ. ಹಲ್ಲಿಗೆ ಕಲ್ಲಿನ ಹಾಗೆ ತಾಗಿತು, ಆಮೇಲೆ ನಿಧಾನಕ್ಕೆ ಹುಳಿ ಬಿಟ್ಟಿತು. ಸವಿತಾ ಅಪ್ಪೆಮಿಡಿಯ ಬಾಟಲಿ ತೆಗೆದು ಒಂದು ಮಿಡಿ ಕೊಟ್ಟಳು. ಓಯುನ್‌ಳ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದಳು.

ಅವಳು ಎಲ್ಲವನ್ನೂ ಕೇಳುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರಕ್ಕೆ ಕಾರ್ಡೋ ನಾಣ್ಯವೋ, ಕಸದಲ್ಲಿ ಮೊಟ್ಟೆ ಚಿಪ್ಪು ಯಾವ ಡಬ್ಬಿಗೆ, ಬಾಗಿಲು ರಾತ್ರಿ ಎಷ್ಟಕ್ಕೆ ಮುಚ್ಚುತ್ತದೆ. ರಾತ್ರಿ ಎಂಟು ಹೊಡೆದರೆ ಅವಳ ಅಮ್ಮನ ಫೋನು. ಅಮ್ಮ ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರು. ಫೋನಿಟ್ಟ ಮೇಲೆ ಓಯುನ್ ಒಂದು ಪಟ್ಟಿ ಬರೆದುಕೊಳ್ಳುತ್ತಿದ್ದಳು: ವಿದೇಶೀಯರ ನೋಂದಣಿ ತೊಂಬತ್ತು ದಿನದೊಳಗೆ, ಫೋಟೋ ಮೂರೂವರೆ ಸೆಂಟಿಮೀಟರು ಅಗಲ, ನಾಲ್ಕೂವರೆ ಉದ್ದ, ಪ್ರೊಫೆಸರರನ್ನು ನೋಡುವ ಮೊದಲು ಅವರ ಎರಡು ಲೇಖನ ಓದು.

ಸವಿತಾಳ ಅವ್ವನ ಫೋನು ಬರುವ ಹೊತ್ತಿಗೆ ಲೆಕ್ಕವೇ ಇಲ್ಲವೆಂದು ಓಯುನ್‌ಗೆ ಅನಿಸಿತ್ತು. ಮಾತೂ ಹೆಚ್ಚಿರುತ್ತಿರಲಿಲ್ಲ.

"ಊಟ ಆಯ್ತಾ ಮಗಾ? ಎಂತ ಉಂಡೆ?"

"ಅನ್ನ, ಬಳಚಿನ ಸಾರು."

"ಅಲ್ಲೂ ಬಳಚು ಅದ್ಯಾ!" ಅವ್ವನ ದನಿಯಲ್ಲಿ ಎಷ್ಟು ನಿರಾಳ! "ಚಳಿ ಹೆಂಗದೆ?"

"ಇಲ್ಲ ಅವ್ವಾ, ಅಷ್ಟೇನಿಲ್ಲ."

ಮೆಸ್ಸಿನಲ್ಲಿ ಚಿಪ್ಪಿನ ಸಮೇತ ಬಳಚಿನ ಸಾರು ಬಂದ ದಿನ ಸವಿತಾ ಒಂದು ಚಿಪ್ಪನ್ನೇ ಇಕ್ಕಳ ಮಾಡಿ ಮಿಕ್ಕವುಗಳ ಮಾಂಸ ಎಳೆದು ತಿಂದಿದ್ದಳು. ಓಯುನ್ ಬಟ್ಟಲು ಮುಟ್ಟಲಿಲ್ಲ. ಅವರ ಮನೆಯಲ್ಲಿ ಮೀನು ತಿನ್ನುವ ರೂಢಿಯೇ ಇಲ್ಲ, ಸಮುದ್ರ ನೋಡಿದ್ದೂ ಇಲ್ಲಿಗೆ ಬಂದ ಮೇಲೆ.

"ನಿನ್ನ ಅಮ್ಮ ದಿನಾ ಬೇರೆ ಬೇರೆ ಹೊತ್ತಿಗೆ ಯಾಕೆ ಫೋನ್ ಮಾಡ್ತಾರೆ?" ಅಂತ ಆ ಸಂಜೆ ಕೇಳಿದಳು.

ಸವಿತಾ ನೋಟ್‌ಬುಕ್ಕಿನಲ್ಲಿ ಅಘನಾಶಿನಿಯ ಅಳಿವೆ ಬರೆದಳು. ಒಂದು ದಡದಲ್ಲಿ ಅಘನಾಶಿನಿ ಊರು, ಎದುರಿಗೆ ತದಡಿ, ಮೇಲೊಂದು ಚಂದ್ರ. ನೀರು ಇಳಿದಾಗ ಅವ್ವ ಮತ್ತು ಕೇರಿಯ ಹೆಂಗಸರು ದೋಣಿಯಲ್ಲಿ ಹೋಗಿ ನದಿಗೆ ಇಳಿಯುತ್ತಾರೆ. ಬಳಚು ಕಣ್ಣಿಗೆ ಕಾಣುವುದಿಲ್ಲ. ಮರಳಿನಲ್ಲಿ ಅಂಗಾಲು ಆಡಿಸಬೇಕು. ಕಲ್ಲು ತಾಗಿದರೆ ಗೊತ್ತಾಗುತ್ತದೆ, ಬಳಚು ತಾಗಿದರೆ ಬೇರೆಯೇ ಗೊತ್ತಾಗುತ್ತದೆ. ಬುಟ್ಟಿ ತುಂಬಿ, ದಡಕ್ಕೆ ಬಂದು, ಮಾರಿ, ಕೈ ತೊಳೆದ ಮೇಲೆ ಫೋನು. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅವ್ವನೂ ಅದರ ಹಿಂದೆಯೇ.

ಓಯುನ್ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಮರುದಿನದಿಂದ ಅವಳೇ ಹೇಳತೊಡಗಿದಳು: "ಇವತ್ತು ಇನ್ನೂ ಐವತ್ತು ನಿಮಿಷ ಕಾಯಬೇಕು."

ಇಷ್ಟೆಲ್ಲ ಹೊಂದಿಕೊಂಡರೂ ರಾತ್ರಿಗಳು ಕಷ್ಟವಾಗಿದ್ದವು. ಮಾರ್ಚ್ ತಿಂಗಳ ಶುರು, ಹೊರಗೆ ನಾಲ್ಕೈದು ಡಿಗ್ರಿ. ಅಲ್ಲಿ ನೆಲದ ಅಡಿಯಿಂದಲೇ ಕೋಣೆಯನ್ನು ಬೆಚ್ಚಗೆ ಮಾಡುವ ವ್ಯವಸ್ಥೆಯಿದೆ. ಓಯುನ್ ಮಲಗುವ ಮುಂಚೆ ಅದನ್ನು ಆರಿಸಿ ಕಿಟಕಿ ತೆರೆಯುತ್ತಿದ್ದಳು. ಮೈನಸ್ ಮೂವತ್ತರ ಚಳಿಗಾಲ ಕಂಡವಳಿಗೆ ಅದು ತಂಗಾಳಿ. ಸವಿತಾ ಎರಡು ಸ್ವೆಟರ್, ಎರಡು ಜೊತೆ ಕಾಲುಚೀಲ ಹಾಕಿ, ತಲೆಗೆ ಅವ್ವನ ಹಳೇ ಸೀರೆಯ ತುಂಡು ಸುತ್ತಿ, ಮೊಣಕಾಲು ಎದೆಗಾನಿಸಿ ಮಲಗುತ್ತಿದ್ದಳು. ಬೆಳಗ್ಗೆ ಪೆನ್ನು ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಆ ಮಾತು ಅವಳ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪ ಕಾಗದಪತ್ರಕ್ಕೆಂದು ಕುಮಟೆಗೆ ಹೋದರೆ ಕಚೇರಿಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ಒಳಗೆ ಬೆಂಚು ಖಾಲಿ ಇದ್ದರೂ ಕೂರುತ್ತಿರಲಿಲ್ಲ. "ಕರೀತ್ರು" ಅನ್ನುತ್ತಿದ್ದ. ಕರೆಯದಿದ್ದರೆ ಮರುದಿನ ಮತ್ತೆ ಬಸ್ಸು. ಎಂಟು ವರ್ಷದ ಸವಿತಾ ಅವನ ಕೈ ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ಮುಂದೆ ಕುಮಟೆಯಲ್ಲಿ ಡಿಗ್ರಿ ಮಾಡಿದಳು, ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ಎಂಎಸ್ಸಿ ಮಾಡಿದಳು, ವಿದ್ಯಾರ್ಥಿವೇತನ ಗೆದ್ದು ವಿಮಾನ ಹತ್ತಿದಳು. ಬಾಗಿಲ ಬಳಿ ನಿಲ್ಲುವ ಆ ಅಭ್ಯಾಸವೂ ಜೊತೆಗೇ ಬಂದಿತ್ತು. ಇಲ್ಲಿ ಹಾಸ್ಟೆಲ್ ಕಚೇರಿಯ ತನಕ ಹೋಗಿ ಸಾಲು ಕಂಡು ವಾಪಸು ಬಂದದ್ದಿದೆ.

ಶುಕ್ರವಾರ ರಾತ್ರಿ ನೀರು ಕುಡಿಯಲು ಎದ್ದಳು. ಅದೇ ಹೊತ್ತಿಗೆ ಓಯುನ್‌ಳೂ ಎದ್ದಿದ್ದಳು. ಕತ್ತಲಲ್ಲಿ, ಆ ಇಕ್ಕಟ್ಟಿನಲ್ಲಿ, ಸವಿತಾಳ ಕಾಲು ಅವಳ ಪಾದಕ್ಕೆ ಜೋರಾಗಿ ತಾಗಿತು. ಸವಿತಾ ತಟ್ಟನೆ ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕೈ ಎತ್ತಿದಳು. ಆ ಕೈ ಕಣ್ಣಿಗೆ ತಲುಪಲಿಲ್ಲ. ಓಯುನ್ ಅದನ್ನು ನಡುವೆಯೇ ಹಿಡಿದು ಕುಲುಕಿದಳು.

ಇಬ್ಬರೂ ಹಾಗೇ ನಿಂತರು.

"ನಮ್ಮಲ್ಲಿ ಕಾಲು ತಾಗಿದರೆ ಕೂಡಲೇ ಕೈಕುಲುಕಬೇಕು," ಅಂದಳು ಓಯುನ್. "ಇಲ್ಲದಿದ್ದರೆ ಜಗಳ ಅಂತ. ನೀನು ಏನು ಮಾಡಿದೆ?"

"ನಮ್ಮಲ್ಲಿ ಹೀಗೆ ಮುಟ್ಟಿ ನಮಸ್ಕಾರ ಮಾಡಬೇಕು."

ಓಯುನ್ ನಕ್ಕಳು. ಆದರೆ ಕೈ ಬಿಡಲಿಲ್ಲ. ಇನ್ನೊಂದು ಕೈಯನ್ನೂ ತಂದು ಸವಿತಾಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ದೀಪ ಹಾಕಿದಳು. ಎರಡು ಸ್ವೆಟರು, ತಲೆಗೆ ಸುತ್ತಿದ ಸೀರೆ, ನೀಲಿಗಟ್ಟಿದ ಉಗುರು, ಎಲ್ಲ ಕಂಡವು.

"ನಿನಗೆ ಚಳಿ."

"ಸ್ವಲ್ಪ."

"ಸ್ವಲ್ಪ ಅಲ್ಲ. ಯಾಕೆ ಹೇಳಲಿಲ್ಲ?"

"ಕಿಟಕಿ ನಿನ್ನ ಕಡೆ ಇದೆಯಲ್ಲ."

ಓಯುನ್‌ಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಮಾತು ಇಂಗ್ಲಿಷಿನಿಂದ ತನ್ನ ಭಾಷೆಗೆ ಜಾರಿ ಮತ್ತೆ ಇಂಗ್ಲಿಷಿಗೆ ಬಂತು. "ವಾರ ಪೂರ್ತಿ ನಿನ್ನನ್ನು ಚಳಿಯಲ್ಲಿ ಮಲಗಿಸಿದವಳು ನಾನು ಅಂತಾಯ್ತು! ನೀನು ಹೇಳದೆ ನನಗೆ ಹೇಗೆ ಗೊತ್ತಾಗಬೇಕು? ನೆಲ ಬಿಸಿಯಾದರೆ ನನಗೆ ಮೂಗಿನಲ್ಲಿ ರಕ್ತ ಬರುತ್ತೆ, ಅದಕ್ಕೆ ತೆರೀತೀನಿ. ನಿನಗೂ ಸೆಕೆ ಅಂದುಕೊಂಡಿದ್ದೆ. ಬಿಸಿಲೂರಿನವಳು, ಸೆಕೆ ತಡೆಯೋದಿಲ್ಲ ಅಂತ ನಾನೇ ಏನೇನೋ ಅಂದುಕೊಂಡೆ." ಆಮೇಲೆ ಮಂಚದ ಮೇಲೆ ಕೂತು ಕೈಕಟ್ಟಿದಳು. ಕಿಟಕಿ ತೆರೆದೇ ಇತ್ತು. "ಈಗ ಕೇಳು."

ಸವಿತಾಳ ಗಂಟಲು ಒಣಗಿತು. ಇಷ್ಟು ಸಣ್ಣ ಮಾತಿಗೆ ಎದೆ ಇಷ್ಟು ಹೊಡೆದುಕೊಳ್ಳಬೇಕೇ?

"ಕಿಟಕಿ ಹಾಕ್ತೀಯಾ?"

ಓಯುನ್ ಎದ್ದು ಹಾಕಿದಳು. ಇಬ್ಬರೂ ಅಲ್ಲೇ ಕೂತು ಕರಾರು ಮಾಡಿಕೊಂಡರು: ಹತ್ತು ಗಂಟೆಯವರೆಗೆ ಕಿಟಕಿ ತೆರೆದು, ಆಮೇಲೆ ಮುಚ್ಚಿ, ನೆಲದ ಬಿಸಿ ಸಣ್ಣಗೆ. ಮೂಗು ಒಣಗದಿರಲು ಒದ್ದೆ ಟವೆಲ್ ಕುರ್ಚಿಗೆ. ಕೆಟಲಿನಲ್ಲಿ ನೀರು ಕಾಯಿಸಿ ಓಯುನ್ ಚಹಾ ಮಾಡಿದಳು, ಹಾಲು ಹಾಕಿ, ಸಕ್ಕರೆಯ ಬದಲು ಉಪ್ಪು ಹಾಕಿ. ಸವಿತಾಳಿಗೆ ಗಂಜಿಯ ತಿಳಿ ಕುಡಿದ ಹಾಗಾಯಿತು. ಪೂರ್ತಿ ಕುಡಿದಳು.

ಮರುದಿನ ಅವ್ವ ಕೇಳಿದಳು, "ಚಳಿ ಹೆಂಗದೆ?"

"ಜೋರದೆ ಅವ್ವಾ. ಹೊದಿಕೆ ಸಾಲೂದಿಲ್ಲ."

"ಅಯ್ಯೋ! ಯಾರ ಹತ್ರ ಕೇಳೂದು ಹಂಗಾರೆ?"

"ನಾನೇ ಕೇಳ್ತೆ."

ಸೋಮವಾರ ಹಾಸ್ಟೆಲ್ ಕಚೇರಿಯಲ್ಲಿ ಹನ್ನೆರಡು ಮಂದಿಯ ಸಾಲು. ಓಯುನ್ ಬರುತ್ತೇನೆಂದಿದ್ದಳು, ಸವಿತಾ ಬೇಡವೆಂದಳು. ಸರದಿ ಬಂದಾಗ ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಎತ್ತುವ ತನಕ ಸವಿತಾ ಕಾದು, ಇನ್ನೊಂದು ಹೊದಿಕೆ ಬೇಕೆಂದಳು. ಫಾರಂ ಬಂತು, ಸಹಿ ಹಾಕಿದಳು. ಹುಡುಗಿ ಹಿಂದಿನವನತ್ತ ನೋಡಿದಳು. ಸವಿತಾ ಸರಿಯಲಿಲ್ಲ. ಆರೋಗ್ಯ ವಿಮೆಯ ಹಣ ವಿದ್ಯಾರ್ಥಿವೇತನದಲ್ಲೇ ಕಡಿತವಾಗುತ್ತದೋ ತಾನೇ ಕಟ್ಟಬೇಕೋ ಎಂದು ಕೇಳಿದಳು. ಉತ್ತರ ಅರ್ಧ ಅರ್ಥವಾಯಿತು.

"ಇನ್ನೊಮ್ಮೆ ಹೇಳಿ," ಎಂದು ಪೆನ್ನು ತೆಗೆದಳು.