ಶಾಲೆಯ ಸುತ್ತಲಿನ ನಕ್ಷೆ: ದಿಕ್ಕು ಹಿಡಿಯೋಣ, ಅಳೆಯೋಣ, ಓದೋಣ

ತರಗತಿ: 7, ಸಮಾಜ ವಿಜ್ಞಾನ. ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ 28 ಮಕ್ಕಳಿಗಾಗಿ, 40 ನಿಮಿಷದ ನಾಲ್ಕು ಅವಧಿಗಳಿಗೆ. ಕಾಲ: ಡಿಸೆಂಬರ್ ಮೊದಲ ವಾರ. ಬಿಸಿಲು ಬೇಕು, ಮೋಡದ ದಿನ ಬೇಡ.

ಬೇಕಾದದ್ದು: ನೆಟ್ಟಗಿರುವ ಒಂದು ಕೋಲು (ನೆಲದ ಮೇಲೆ 1 ಮೀಟರ್ ಉಳಿಯುವಂತೆ), 20 ಮೀಟರ್ ಟೇಪು, ರಂಗೋಲಿ ಪುಡಿ, ಟ್ವೈನ್ ದಾರ, ನಾಲ್ಕು ದಿಕ್ಸೂಚಿ, ಎ4 ಹಾಳೆ, ರಟ್ಟು, ಪೆನ್ಸಿಲು, ಸ್ಕೇಲು.

1. ಉತ್ತರ ಎಲ್ಲಿದೆ?

ಗೋಡೆಯಲ್ಲಿ ತೂಗುಹಾಕಿರುವ ಕರ್ನಾಟಕದ ಭೂಪಟ ನೋಡಿ. ಬೀದರ್ ಮೇಲಿದೆ, ಚಾಮರಾಜನಗರ ಕೆಳಗಿದೆ. ಈಗ ಕೈಯೆತ್ತಿ ಉತ್ತರ ದಿಕ್ಕನ್ನು ತೋರಿಸಿ ಎಂದರೆ ನಿಮ್ಮಲ್ಲಿ ಕೆಲವರ ಬೆರಳು ಸೂರಿನ ಕಡೆ ಹೋಗುತ್ತದೆ. ತಪ್ಪು ನಿಮ್ಮದಲ್ಲ, ಗೋಡೆಯದು. ಭೂಪಟವನ್ನು ಇಳಿಸಿ ನೆಲದ ಮೇಲೆ ಹಾಸಿ. ಈಗ ಬೀದರ್ "ಮೇಲೆ" ಇಲ್ಲ, ಒಂದು ಕಡೆಗಿದೆ. ಆ ಕಡೆ ಯಾವುದು ಎಂದು ಅಂಗಳದಲ್ಲಿ ಹುಡುಕೋಣ.

ಈ ತಪ್ಪು ಎಲ್ಲಿಯವರೆಗೆ ಕಾಡುತ್ತದೆ ಗೊತ್ತೇ? ನಕ್ಷೆಯಲ್ಲಿ ಮೇಲಿರುವುದು ಎತ್ತರದಲ್ಲಿದೆ ಎಂದುಕೊಂಡವರಿಗೆ ತುಂಗಭದ್ರೆ ಅರ್ಥವೇ ಆಗುವುದಿಲ್ಲ. ಅದು ಈಶಾನ್ಯದ ಕಡೆ, ಅಂದರೆ ಭೂಪಟದಲ್ಲಿ "ಮೇಲಕ್ಕೆ" ಹರಿಯುತ್ತದೆ. ನೀರು ಹರಿಯುವುದು ನೆಲದ ಇಳಿಜಾರು ನೋಡಿ, ಭೂಪಟ ಹಿಡಿದ ರೀತಿ ನೋಡಿ ಅಲ್ಲ.

ಸೂರ್ಯ ಹುಟ್ಟುವ ಕಡೆ ಪೂರ್ವ ಎಂದು ಹಿಂದಿನ ತರಗತಿಗಳಲ್ಲಿ ಕಲಿತಿದ್ದೀರಿ. ಅಂದಾಜಿಗೆ ಅದು ಸಾಕು, ನಕ್ಷೆಗೆ ಸಾಲದು. ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ಡಿಸೆಂಬರ್‌ನಲ್ಲಿ ನಮ್ಮೂರಿನಲ್ಲಿ ಅವನು ಪೂರ್ವದಿಂದ 20 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ಸರಿದು, ಆಗ್ನೇಯದತ್ತ ಹುಟ್ಟುತ್ತಾನೆ. ಅದನ್ನೇ ಪೂರ್ವ ಎಂದುಕೊಂಡು ಬರೆದರೆ ಇಡೀ ನಕ್ಷೆ ವಾರೆಯಾಗುತ್ತದೆ.

ಹಾಗಾಗಿ ನೆರಳನ್ನು ಕೇಳೋಣ.

ಧ್ವಜಸ್ತಂಭದ ಪಕ್ಕ, ಮರದ ನೆರಳು ಬೀಳದ ಸಮತಟ್ಟು ಜಾಗದಲ್ಲಿ ಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ಎರಡು ಬದಿಯಿಂದ ನೋಡಿ. ಬೆಳಿಗ್ಗೆ 11:15ಕ್ಕೆ ನೆರಳಿನ ತುದಿಗೆ ಒಂದು ಹರಳು ಇಡಿ. ನೆರಳು ಸುಮಾರು 80 ಸೆಂ.ಮೀ. ಇರುತ್ತದೆ. ಅಷ್ಟೇ ಉದ್ದದ ದಾರವನ್ನು ಕೋಲಿನ ಬುಡಕ್ಕೆ ಕಟ್ಟಿ, ರಂಗೋಲಿ ಪುಡಿಯಿಂದ ವೃತ್ತ ಎಳೆಯಿರಿ. ನೆರಳು ಮೊದಲು ಗಿಡ್ಡವಾಗುತ್ತದೆ, ಆಮೇಲೆ ಮತ್ತೆ ಉದ್ದವಾಗುತ್ತದೆ. ಬಿಸಿಯೂಟ ಮುಗಿಯುವ ಹೊತ್ತಿಗೆ, ಸುಮಾರು 1:15ಕ್ಕೆ, ಅದರ ತುದಿ ಮತ್ತೆ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಎರಡನೇ ಹರಳು ಇಡಿ. ಎರಡರ ನಡುವೆ ಸುಮಾರು 60 ಸೆಂ.ಮೀ. ಅಂತರ ಇರುತ್ತದೆ.

ಎರಡು ಹರಳುಗಳನ್ನು ಕೂಡಿಸುವ ಗೆರೆಯೇ ಪೂರ್ವ–ಪಶ್ಚಿಮ. ಬೆಳಗಿನ ಹರಳು ಪಶ್ಚಿಮ, ಅಂದರೆ ಪಡುವಲು. ಮಧ್ಯಾಹ್ನದ ಹರಳು ಪೂರ್ವ, ಮೂಡಲು. ಕೋಲಿನ ಬುಡದಿಂದ ಈ ಗೆರೆಯ ನಡುಮಧ್ಯಕ್ಕೆ ಎಳೆದ ಗೆರೆ ಉತ್ತರಕ್ಕೆ, ನಮ್ಮ ಬಡಗಲಿಗೆ, ಹೋಗುತ್ತದೆ. ಅದನ್ನು ಸುಣ್ಣದಲ್ಲಿ ಉದ್ದಕ್ಕೆ ಎಳೆದಿಡಿ. ನಾಲ್ಕೂ ಅವಧಿಗೆ ಅದೇ ಆಧಾರ.

ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲವೇ ಎಂದು ಕೇಳಬಹುದು. ನಮ್ಮ ಗಡಿಯಾರ ನಡೆಯುವುದು 82½° ಪೂರ್ವ ರೇಖಾಂಶದ ವೇಳೆಯಲ್ಲಿ. ನಾವಿರುವುದು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ತಡ. ಅಂದರೆ ಸುಮಾರು 25 ನಿಮಿಷ. ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 10 ನಿಮಿಷ ಮುಂದಿರುತ್ತಾನೆ. ಆದ್ದರಿಂದ ಈ ವಾರ ನಮ್ಮಲ್ಲಿ ನೆರಳು ಅತಿ ಗಿಡ್ಡವಾಗುವುದು 12:15ರ ಸುಮಾರಿಗೆ.

*ಶಿಕ್ಷಕರಿಗೆ:* ಈ ಪಾಠವನ್ನು ಜೂನ್‌ನಲ್ಲಿ ಮಾಡಿದರೆ ಎಚ್ಚರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಮ್ಮ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. "ಮಧ್ಯಾಹ್ನದ ನೆರಳು ಉತ್ತರ ತೋರಿಸುತ್ತದೆ" ಎಂದು ಬಾಯಿಪಾಠ ಮಾಡಿಸಿದ ಮಕ್ಕಳು ಆಗ ಉಲ್ಟಾ ಬರೆಯುತ್ತಾರೆ.

ಈಗ ದಿಕ್ಸೂಚಿಯನ್ನು ಸುಣ್ಣದ ಗೆರೆಯ ಮೇಲಿಡಿ. ಮುಳ್ಳು ಗೆರೆಯ ಜೊತೆ ಹೊಂದಬೇಕು. ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಹೆಚ್ಚು ಬಂದರೆ ಹತ್ತಿರದಲ್ಲಿ ಕಬ್ಬಿಣ ಹುಡುಕಿ: ಗೇಟು, ಡೆಸ್ಕಿನ ಕಾಲು, ಜಾಮಿಟ್ರಿ ಬಾಕ್ಸು, ಜೇಬಿನ ಮೊಬೈಲು. ಕಬ್ಬಿಣದ ಧ್ವಜಸ್ತಂಭವೂ ಮುಳ್ಳನ್ನು ಎಳೆಯುತ್ತದೆ, ನಾಲ್ಕೈದು ಹೆಜ್ಜೆ ದೂರ ನಿಂತು ನೋಡಿ. ನಾಲ್ಕು ದಿಕ್ಸೂಚಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವು ಒಂದನ್ನೊಂದು ಕೆಡಿಸುತ್ತವೆ.

ಮೂಲೆದಿಕ್ಕುಗಳು ನಿಮಗೆ ಮನೆಯಲ್ಲೇ ಗೊತ್ತು. ದೇವರ ಮೂಲೆ ಈಶಾನ್ಯ, ಅಡುಗೆಯ ಮೂಲೆ ಆಗ್ನೇಯ. ಉಳಿದ ಎರಡು ನೈರುತ್ಯ ಮತ್ತು ವಾಯವ್ಯ. ಯಾವುದು ಎಲ್ಲಿ ಎಂದು ಗೆರೆಯ ಮೇಲೆ ನಿಂತು ಹೇಳಿ.

2. ಹೆಜ್ಜೆಯನ್ನು ಅಳತೆಗೋಲು ಮಾಡುವುದು

ಊರನ್ನೆಲ್ಲ ಟೇಪಿನಲ್ಲಿ ಅಳೆಯಲು ದಿನ ಸಾಲದು. ಮೊದಲು ನಿಮ್ಮ ಹೆಜ್ಜೆಯ ಲೆಕ್ಕ ಗೊತ್ತಿರಲಿ. ಟೇಪಿನಿಂದ 20 ಮೀಟರ್ ಗುರುತು ಮಾಡಿ, ಮಾಮೂಲಿಯಾಗಿ ಮೂರು ಸಲ ನಡೆಯಿರಿ. ಒಬ್ಬ ಹುಡುಗಿಗೆ 33, 35, 34 ಹೆಜ್ಜೆ ಬಂತು ಎನ್ನಿ. ಸರಾಸರಿ 34. ಅವಳು ಎಲ್ಲಿ ನಡೆದರೂ

ದೂರ (ಮೀ.) = ಹೆಜ್ಜೆಗಳು × 20 ÷ 34

170 ಹೆಜ್ಜೆ ನಡೆದರೆ 100 ಮೀಟರ್. ಅಳೆಯುತ್ತಿದ್ದೇವೆ ಎಂಬ ಗತ್ತಿನಲ್ಲಿ ದಾಪುಗಾಲು ಹಾಕಬೇಡಿ. ಮೊದಲ 20 ಮೀಟರ್‌ನಲ್ಲಿ ಹಾಕಿದ ದಾಪುಗಾಲು ಕೆರೆ ಏರಿಯವರೆಗೆ ಉಳಿಯುವುದಿಲ್ಲ.

ಏಳೇಳು ಮಂದಿಯ ನಾಲ್ಕು ತಂಡ. ಇಬ್ಬರು ಬೇರೆಬೇರೆಯಾಗಿ ಹೆಜ್ಜೆ ಎಣಿಸಲಿ, ಒಬ್ಬರು ದಿಕ್ಸೂಚಿ ಹಿಡಿಯಲಿ, ಒಬ್ಬರು ಬರೆದುಕೊಳ್ಳಲಿ, ಒಬ್ಬರು ದಾರಿಯಲ್ಲಿ ಕಂಡದ್ದನ್ನು ಗುರುತು ಹಾಕಲಿ, ಇಬ್ಬರು ರಸ್ತೆಯ ವಾಹನ ನೋಡಿಕೊಳ್ಳಲಿ. ಕೆರೆ ಏರಿಯ ಮೇಲೆ ನೀರಿನ ಕಡೆಗೆ ಯಾರೂ ಇಳಿಯಬಾರದು, ಶಿಕ್ಷಕರು ಆ ತಂಡದ ಜೊತೆಗೇ ಇರಬೇಕು.

34 ಹೆಜ್ಜೆಯ ಹುಡುಗಿಯ ತಂಡ ತಂದ ಲೆಕ್ಕ ಇದು:

| ಎಲ್ಲಿಂದ ಎಲ್ಲಿಗೆ | ದಿಕ್ಕು | ಹೆಜ್ಜೆ | ಮೀಟರ್ |
|---|---|---|---|
| ಧ್ವಜಸ್ತಂಭ – ಅಂಗನವಾಡಿ | ಪೂರ್ವ | 102 | 60 |
| ಧ್ವಜಸ್ತಂಭ – ನೀರಿನ ಓವರ್‌ಹೆಡ್ ಟ್ಯಾಂಕ್ | ಉತ್ತರ | 119 | 70 |
| ಧ್ವಜಸ್ತಂಭ – ಅರಳಿಕಟ್ಟೆ | ದಕ್ಷಿಣ | 85 | 50 |
| ಅರಳಿಕಟ್ಟೆ – ಹಾಲಿನ ಡೇರಿ | ಪಶ್ಚಿಮ | 68 | 40 |
| ಧ್ವಜಸ್ತಂಭ – ಕೆರೆ ಏರಿಯ ತುದಿ | ಪಶ್ಚಿಮ | 170 | 100 |

ಶಾಲೆಯ ಕಾಂಪೌಂಡನ್ನು ಟೇಪಿನಲ್ಲೇ ಅಳೆದಿದ್ದಾರೆ: ಪೂರ್ವ–ಪಶ್ಚಿಮ 60 ಮೀ., ಉತ್ತರ–ದಕ್ಷಿಣ 40 ಮೀ. ಧ್ವಜಸ್ತಂಭ ನಡುಮಧ್ಯದಲ್ಲಿದೆ.

3. ಹಾಳೆಗೆ ಇಳಿಸುವುದು

ನಾವು ಬರೆಯಬೇಕಾದ ಜಾಗ ಸುಮಾರು 200 ಮೀ. ಅಗಲ, 150 ಮೀ. ಉದ್ದ. ಎ4 ಹಾಳೆಯನ್ನು ಅಡ್ಡ ಹಿಡಿದರೆ 29.7 ಸೆಂ.ಮೀ. × 21 ಸೆಂ.ಮೀ. ಒಂದು ಸೆಂ.ಮೀ.ಗೆ ಎಷ್ಟು ಮೀಟರ್ ಇಟ್ಟುಕೊಳ್ಳೋಣ? 5 ಮೀಟರ್ ಎಂದರೆ ನಕ್ಷೆ 40 × 30 ಸೆಂ.ಮೀ. ಆಗಿ ಹಾಳೆಯಿಂದ ಆಚೆ ಹೋಗುತ್ತದೆ. 50 ಮೀಟರ್ ಎಂದರೆ 4 × 3 ಸೆಂ.ಮೀ., ಶಾಲೆ ಬೆರಳಿನ ಉಗುರಿನಷ್ಟಾಗುತ್ತದೆ. 10 ಮೀಟರ್ ಎಂದರೆ 20 × 15 ಸೆಂ.ಮೀ., ಶೀರ್ಷಿಕೆಗೂ ಚಿಹ್ನೆಗಳ ಸೂಚಿಗೂ ಜಾಗ ಉಳಿಯುತ್ತದೆ. ಅದನ್ನೇ ಹಿಡಿಯೋಣ.

1 ಸೆಂ.ಮೀ. = 10 ಮೀ. ಎಂಬುದನ್ನು ಇನ್ನೊಂದು ರೀತಿ ಬರೆಯಬಹುದು: 10 ಮೀಟರ್ ಎಂದರೆ 1000 ಸೆಂ.ಮೀ., ಆದ್ದರಿಂದ ಪ್ರಮಾಣ 1:1000. ಇಲ್ಲಿ ಬಹಳ ಮಂದಿ 1:10 ಎಂದು ಬರೆದುಬಿಡುತ್ತಾರೆ. ಎರಡೂ ಬದಿಯಲ್ಲಿ ಒಂದೇ ಮಾನ ಇರಬೇಕು. 1:10 ಎಂದರೆ 60 ಮೀಟರ್ ಕಾಂಪೌಂಡಿಗೆ 6 ಮೀಟರ್ ಹಾಳೆ ಬೇಕು!

ಮೂರನೇ ರೀತಿ ಗೆರೆಯ ಪ್ರಮಾಣ: 5 ಸೆಂ.ಮೀ. ಉದ್ದದ ಗೆರೆ ಎಳೆದು 0, 10, 20, 30, 40, 50 ಮೀ. ಎಂದು ಗುರುತಿಸಿ. ಮೂರರಲ್ಲಿ ನೆಚ್ಚಿಕೊಳ್ಳಬಹುದಾದದ್ದು ಇದೇ. ನಕ್ಷೆಯನ್ನು ಜೆರಾಕ್ಸ್‌ನಲ್ಲಿ ಎರಡರಷ್ಟು ದೊಡ್ಡದು ಮಾಡಿಸಿದರೆ "1 ಸೆಂ.ಮೀ. = 10 ಮೀ." ಎಂಬ ಬರಹ ಸುಳ್ಳಾಗುತ್ತದೆ, ಗೆರೆ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಸರಿಯಾಗಿಯೇ ಉಳಿಯುತ್ತದೆ. ಮೊಬೈಲ್ ಭೂಪಟಗಳಲ್ಲಿ ಹಿಗ್ಗಿಸಿ ಕುಗ್ಗಿಸುವಾಗ ಗೆರೆಯ ಪ್ರಮಾಣವೇ ಬರುವುದೂ ಇದಕ್ಕೇ.

ಬರೆಯುವ ಕ್ರಮ: ಮೊದಲು ಉತ್ತರದ ಬಾಣ. ಹಾಳೆಯ ನಡುವಿನಿಂದ ಸ್ವಲ್ಪ ಬಲಕ್ಕೆ ಧ್ವಜಸ್ತಂಭದ ಚುಕ್ಕೆ ಇಡಿ, ಏಕೆಂದರೆ ಕೆರೆ ಎಡಕ್ಕೆ 10 ಸೆಂ.ಮೀ. ಜಾಗ ಕೇಳುತ್ತದೆ. ಅದರ ಸುತ್ತ 6 × 4 ಸೆಂ.ಮೀ. ಕಾಂಪೌಂಡು. ಆಮೇಲೆ ಕೋಷ್ಟಕದಂತೆ ಒಂದೊಂದಾಗಿ: ಅಂಗನವಾಡಿ ಬಲಕ್ಕೆ 6 ಸೆಂ.ಮೀ., ಟ್ಯಾಂಕ್ ಮೇಲಕ್ಕೆ 7, ಅರಳಿಕಟ್ಟೆ ಕೆಳಕ್ಕೆ 5, ಅಲ್ಲಿಂದ ಡೇರಿ ಎಡಕ್ಕೆ 4. ರಸ್ತೆಗಳನ್ನು ಕೊನೆಗೆ ಬರೆಯಿರಿ. ಮೊದಲೇ ರಸ್ತೆ ಬರೆದರೆ ಕಟ್ಟಡಗಳನ್ನು ರಸ್ತೆಗೆ ಹೊಂದಿಸಲು ಕೈ ತಾನಾಗಿ ಎಳೆಯುತ್ತದೆ.

ಚಿಹ್ನೆಗಳಲ್ಲಿ ರೂಢಿಯ ಬಣ್ಣಗಳನ್ನೇ ಬಳಸಿ: ನೀರಿಗೆ ನೀಲಿ, ತೋಟ–ಮರಗಳಿಗೆ ಹಸಿರು, ಸಾಗುವಳಿ ಜಮೀನಿಗೆ ಹಳದಿ, ರಸ್ತೆ ಮತ್ತು ವಸತಿಗೆ ಕೆಂಪು. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳವರ್ಣನಾ ನಕ್ಷೆಗಳಲ್ಲೂ ಇವೇ ಬಣ್ಣ. ಬರೆದ ಪ್ರತಿ ಚಿಹ್ನೆಯೂ ಸೂಚಿಯಲ್ಲಿರಬೇಕು, ಸೂಚಿಯಲ್ಲಿರುವುದೆಲ್ಲ ನಕ್ಷೆಯಲ್ಲಿರಬೇಕು. ತೆಂಗಿನ ಮರ ಬರೆಯುವ ಹುಮ್ಮಸ್ಸಿನಲ್ಲಿ ಗರಿ ಗರಿ ಎಳೆಯಬೇಡಿ. ನಾವು ಬರೆಯುತ್ತಿರುವುದು ಮೇಲಿನಿಂದ ಕಂಡ ನೆಲ, ಎದುರಿನಿಂದ ಕಂಡ ಚಿತ್ರವಲ್ಲ.

4. ನಕ್ಷೆಯನ್ನು ನೆಲಕ್ಕೆ ತಿರುಗಿಸಿ ಓದುವುದು

ತಂಡಗಳು ನಕ್ಷೆ ಬದಲಾಯಿಸಿಕೊಳ್ಳಲಿ. ಹಾಳೆಯನ್ನು ರಟ್ಟಿನ ಮೇಲಿಟ್ಟು ಧ್ವಜಸ್ತಂಭದ ಬಳಿ ನೆಲದಲ್ಲಿಡಿ. ನೀವು ತಿರುಗಬೇಡಿ, ನಕ್ಷೆಯನ್ನು ತಿರುಗಿಸಿ. ಬಾಣ ಸುಣ್ಣದ ಗೆರೆಗೆ ಸರಿಹೊಂದಿದಾಗ ನಿಲ್ಲಿಸಿ. ಈಗ ನಕ್ಷೆಯ ಧ್ವಜಸ್ತಂಭದ ಮೇಲೆ ಪೆನ್ಸಿಲಿನ ಒಂದು ತುದಿ, ಡೇರಿಯ ಮೇಲೆ ಇನ್ನೊಂದು ತುದಿ ಇಡಿ. ಪೆನ್ಸಿಲು ತೋರಿಸುವ ಕಡೆ ತಲೆಯೆತ್ತಿದರೆ ಕಾಂಪೌಂಡಿನ ಆಚೆ ಡೇರಿಯ ಸೂರು ಕಾಣಬೇಕು. ಕಂಡರೆ ನಕ್ಷೆ ಸರಿಯಿದೆ.

ನೀವು ದಕ್ಷಿಣದ ಗೇಟಿನ ಕಡೆ ಮುಖಮಾಡಿ ಕೂತಿದ್ದರೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ. ಕಾಣಲಿ. ಅಕ್ಷರ ನೇರ ಮಾಡಲು ನಕ್ಷೆ ತಿರುಗಿಸಿದ ಕೂಡಲೇ ಬಲಗಡೆಯ ಕೆರೆ ಎಡಗಡೆಗೆ ಹೋಗುತ್ತದೆ. ದಾರಿ ತಪ್ಪುವುದು ಹೆಚ್ಚಾಗಿ ಹೀಗೆಯೇ.

ಈಗ ಅಳತೆ ಓದಿ. ಡೇರಿಯಿಂದ ಕೆರೆ ಏರಿಯ ತುದಿಗೆ ಸ್ಕೇಲು ಇಟ್ಟರೆ 7.8 ಸೆಂ.ಮೀ., ಅಂದರೆ 78 ಮೀ. ಅದು ಹಕ್ಕಿ ಹಾರುವ ದಾರಿ. ಕಾಲುದಾರಿ ಬಳಸಿಕೊಂಡು ಹೋಗುತ್ತದೆ. ಟ್ವೈನ್ ದಾರವನ್ನು ಒದ್ದೆ ಮಾಡಿ, ದಾರಿಯ ತಿರುವುಗಳ ಮೇಲೆ ಕೂರಿಸಿ, ಆಮೇಲೆ ಸ್ಕೇಲಿನ ಮೇಲೆ ಎಳೆಯದೆ ಚಾಚಿ ನೋಡಿ: 9.5 ಸೆಂ.ಮೀ., 95 ಮೀ. ನೈಲಾನ್ ದಾರ ಬೇಡ, ತಿರುವಿನಲ್ಲಿ ಕೂರುವುದಿಲ್ಲ.

ಕೊನೆಯ ಪರೀಕ್ಷೆ ನಡಿಗೆಯದು. ಡೇರಿಯಿಂದ ಧ್ವಜಸ್ತಂಭಕ್ಕೆ ನೇರ ದೂರವನ್ನು ನಕ್ಷೆಯಲ್ಲಿ ಅಳೆದರೆ 6.4 ಸೆಂ.ಮೀ. ಬರಬೇಕು. ಅರ್ಧ ಸೆಂ.ಮೀ. ಆಚೀಚೆ ಆದರೆ ನೆಲದಲ್ಲಿ 5 ಮೀಟರ್ ತಪ್ಪು, ಹೆಜ್ಜೆ ಲೆಕ್ಕದಲ್ಲಿ ಅದು ಸಹಜ. ಅದಕ್ಕಿಂತ ಹೆಚ್ಚಾದರೆ ಎಣಿಸಿದ ಇಬ್ಬರ ಲೆಕ್ಕ ತಾಳೆ ನೋಡಿ. ಸಾಮಾನ್ಯವಾಗಿ ಒಬ್ಬರು ಮಾತಿನ ನಡುವೆ ಹತ್ತು ಹೆಜ್ಜೆ ನುಂಗಿರುತ್ತಾರೆ.

ಬರೆದು ತನ್ನಿ

1. ಧ್ವಜಸ್ತಂಭದಿಂದ ಡೇರಿ ಯಾವ ಮೂಲೆದಿಕ್ಕಿನಲ್ಲಿದೆ? ಡೇರಿಯಿಂದ ಧ್ವಜಸ್ತಂಭ ಯಾವ ಮೂಲೆದಿಕ್ಕಿನಲ್ಲಿದೆ?
2. ಟ್ಯಾಂಕ್ ಮತ್ತು ಅರಳಿಕಟ್ಟೆಯ ನಡುವಿನ ದೂರ ಎಷ್ಟು ಮೀಟರ್?
3. 1:50,000 ಸ್ಥಳವರ್ಣನಾ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ. ಅದರಲ್ಲಿ ನಮ್ಮ ಕಾಂಪೌಂಡಿನ 60 ಮೀ. ಉದ್ದ ಎಷ್ಟು ಮಿಲಿಮೀಟರ್ ಆಗುತ್ತದೆ? ಎರಡರಲ್ಲಿ ದೊಡ್ಡ ಪ್ರಮಾಣದ ನಕ್ಷೆ ಯಾವುದು: ಅದೋ, ನಮ್ಮದೋ?
4. 40 ಹೆಜ್ಜೆಗೆ 20 ಮೀಟರ್ ನಡೆಯುವ ಹುಡುಗನಿಗೆ ಅಂಗನವಾಡಿ ಎಷ್ಟು ಹೆಜ್ಜೆ?

*ಶಿಕ್ಷಕರಿಗೆ ಉತ್ತರಗಳು:* 1. ನೈರುತ್ಯ, ಈಶಾನ್ಯ. 2. 120 ಮೀ. 3. 1.2 ಮಿ.ಮೀ.; ನಮ್ಮ 1:1000 ನಕ್ಷೆಯೇ ದೊಡ್ಡ ಪ್ರಮಾಣದ್ದು. 50,000 ದೊಡ್ಡ ಸಂಖ್ಯೆ ಎಂದು ಮಕ್ಕಳು ಅದನ್ನೇ ಆರಿಸುತ್ತಾರೆ. ಒಂದು ರೊಟ್ಟಿಯನ್ನು ಸಾವಿರ ಪಾಲು ಮಾಡಿದರೆ ತುಂಡು ದೊಡ್ಡದೋ, ಐವತ್ತು ಸಾವಿರ ಪಾಲು ಮಾಡಿದರೆ ದೊಡ್ಡದೋ ಎಂದು ಕೇಳಿ. 4. 120 ಹೆಜ್ಜೆ.