ನನ್ನ ಸುರಕ್ಷತಾ ಯೋಜನೆ

ದ್ವಿತೀಯ ಪಿಯುಸಿಯ 17 ವರ್ಷದ ವಿದ್ಯಾರ್ಥಿಯೂ ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕಿಯೂ ಒಟ್ಟಿಗೆ ಕುಳಿತು ಬರೆದದ್ದು. ಕೊನೆಯ ಹೆಜ್ಜೆಯನ್ನು ಬರೆಯುವಾಗ, ಅವನ ಒಪ್ಪಿಗೆಯ ಮೇರೆಗೆ, ಅಮ್ಮ ಮತ್ತು ಚಿಕ್ಕಪ್ಪ ಜೊತೆಗಿದ್ದರು.

ಸಾವಿನ ಯೋಚನೆ ಇನ್ನು ಬರುವುದೇ ಇಲ್ಲವೆಂದು ನಾನು ಕೊಡುತ್ತಿರುವ ಭಾಷೆ ಇದಲ್ಲ. ಅದು ಬಂದಾಗ, ಇಳಿಯುವವರೆಗೆ ನಾನು ಏನು ಮಾಡುತ್ತೇನೆ, ಯಾರನ್ನು ಕರೆಯುತ್ತೇನೆ ಎಂಬುದನ್ನು ತಲೆ ತಿಳಿಯಾಗಿರುವ ಹೊತ್ತಿನಲ್ಲೇ ಬರೆದಿಟ್ಟುಕೊಂಡಿದ್ದೇನೆ. ಒಂದು ಹೆಜ್ಜೆಯಿಂದ ಆಗದಿದ್ದರೆ ಮುಂದಿನದಕ್ಕೆ ಹೋಗುತ್ತೇನೆ. ನನ್ನನ್ನು ನಾನು ತಡೆದುಕೊಳ್ಳಲಾರೆ ಎನಿಸಿದರೆ ನೇರವಾಗಿ ಐದನೆಯ ಹೆಜ್ಜೆಗೆ ಹೋಗುತ್ತೇನೆ.

ಮೊದಲನೆಯದು, ಗುರುತುಗಳು. ರಾತ್ರಿ ಹನ್ನೊಂದರ ನಂತರ ಕ್ಲಾಸಿನ ಗ್ರೂಪಿನಲ್ಲಿ ಅಂಕಗಳ ಮಾತು ಓದುತ್ತಾ ಕೂರುತ್ತೇನೆ. ಆ ದಿನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಿರುತ್ತೇನೆ, ಎದೆ ಬಿಗಿಯುತ್ತದೆ, ಮತ್ತು "ನಾನಿಲ್ಲದಿದ್ದರೆ ಅಪ್ಪನ ಸಾಲವಾದರೂ ಕಡಿಮೆಯಾಗುತ್ತಿತ್ತು" ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತದೆ. ಈ ಮಾತು ಎರಡನೆಯ ಸಲ ಬಂದ ಕೂಡಲೇ ಈ ಹಾಳೆಯನ್ನು ತೆಗೆಯುತ್ತೇನೆ.

ಸಮಾಲೋಚಕಿಯ ಟಿಪ್ಪಣಿ: ಮೊದಲು ಇಲ್ಲಿ "ಬೇಜಾರಾದಾಗ" ಎಂದಷ್ಟೇ ಬರೆದಿದ್ದೆವು. ಬೇಜಾರು ದಿನವೂ ಆಗುತ್ತದೆ ಎಂದು ಅವನೇ ಅದನ್ನು ಹೊಡೆದುಹಾಕಿಸಿದ.

ಎರಡನೆಯದು, ನಾನೊಬ್ಬನೇ ಮಾಡಬಲ್ಲದ್ದು. ಫೋನನ್ನು ಹಾಲಿನಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆ. ಬಚ್ಚಲ ಹಂಡೆಯಲ್ಲಿ ಉಳಿದ ಬಿಸಿನೀರಿನಿಂದ ಮುಖ, ಕೈಕಾಲು ತೊಳೆದು, ಅಜ್ಜಿಯ ರೇಡಿಯೊವನ್ನು ಸಣ್ಣ ದನಿಯಲ್ಲಿ ಹಾಕಿಕೊಳ್ಳುತ್ತೇನೆ.

ಟಿಪ್ಪಣಿ: ಪ್ರಾಣಾಯಾಮವನ್ನು ನಾನು ಸೂಚಿಸಿದ್ದೆ. "ಆ ಹೊತ್ತಿನಲ್ಲಿ ನಿಜಕ್ಕೂ ಮಾಡುತ್ತೀಯಾ?" ಎಂದು ಕೇಳಿದಾಗ "ಇಲ್ಲ ಮೇಡಂ" ಎಂದ, ಆದ್ದರಿಂದ ಬಿಟ್ಟೆವು. ಓದನ್ನೂ ಇಲ್ಲಿ ಸೇರಿಸಿಲ್ಲ.

ಮೂರನೆಯದು, ಏನನ್ನೂ ಹೇಳದೆ ಜನರ ನಡುವೆ ಇರುವುದು. ಸಂಜೆಯಾದರೆ ಶಾಲೆಯ ಮೈದಾನದ ವಾಲಿಬಾಲ್ ಆಟಕ್ಕೆ ಹೋಗುತ್ತೇನೆ. ರಾತ್ರಿಯಾದರೆ ಅಜ್ಜಿಯ ಪಕ್ಕದಲ್ಲಿ ಹಾಸಿಗೆ ಹಾಕಿಕೊಳ್ಳುತ್ತೇನೆ. ಅವರು ಕಾರಣ ಕೇಳುವುದಿಲ್ಲ.

ನಾಲ್ಕನೆಯದು, ಬಾಯಿಬಿಟ್ಟು ಹೇಳುವುದು. ಮೊದಲು ಚಿಕ್ಕಪ್ಪನಿಗೆ, ಅವರು ಸಿಗದಿದ್ದರೆ ಅಮ್ಮನಿಗೆ ಹೇಳುತ್ತೇನೆ. ಇಬ್ಬರ ನಂಬರೂ ಹಾಳೆಯ ಹಿಂಬದಿಯಲ್ಲಿವೆ. ಹೇಳುವ ಮಾತು ಇದು: "ಚಿಕ್ಕಪ್ಪ, ನಂಗೆ ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆ. ಒಬ್ಬನೇ ಇರೋಕೆ ಆಗ್ತಿಲ್ಲ. ಬನ್ನಿ." ಮಾತು ಹೊರಡದಿದ್ದರೆ "ಬನ್ನಿ" ಎಂದಷ್ಟೇ ಮೆಸೇಜು ಹಾಕುತ್ತೇನೆ, ಅದರ ಅರ್ಥ ಅವರಿಗೆ ಗೊತ್ತಿದೆ. ಬಂದವರು ಅಂಕಗಳ ಬಗ್ಗೆಯಾಗಲಿ, ಪರೀಕ್ಷೆ-2ರ ಬಗ್ಗೆಯಾಗಲಿ ಮಾತೆತ್ತುವುದಿಲ್ಲ, ಬುದ್ಧಿ ಹೇಳುವುದಿಲ್ಲ, "ಈಗ ಹೇಗಿದೆ?" ಎಂದು ಕೇಳಿ, ಯೋಚನೆ ಇಳಿಯುವವರೆಗೆ ನನ್ನನ್ನು ಬಿಟ್ಟು ಏಳುವುದಿಲ್ಲ. ಇದಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ.

ಟಿಪ್ಪಣಿ: ಅಪ್ಪನ ಹೆಸರು ಇಲ್ಲಿಲ್ಲ, ಸದ್ಯಕ್ಕೆ ಬೇಡವೆಂದ. ಅಪ್ಪನಿಗೆ ಅದನ್ನು ನಾನೇ ತಿಳಿಸಿದ್ದೇನೆ, ಬೇಸರವಾದರೂ ಒಪ್ಪಿದ್ದಾರೆ.

ಐದನೆಯದು, ವೃತ್ತಿಪರ ನೆರವು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುತ್ತೇನೆ. ಅದು ಉಚಿತ, ಹಗಲುರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಜೀವಕ್ಕೆ ಅಪಾಯವೆನಿಸಿದರೆ ಮನೆಯವರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನನ್ನನ್ನು ಕರೆದೊಯ್ಯುತ್ತಾರೆ. ಕೇಸಾಗುತ್ತದೆ ಎಂದು ಹೆದರಿ ಯಾರೂ ತಡಮಾಡಬಾರದು: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸಬಾರದು ಎಂದು ಮಾನಸಿಕ ಆರೋಗ್ಯ ರಕ್ಷಣೆಯ 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ಆರನೆಯದು, ಮನೆಯನ್ನು ಸುರಕ್ಷಿತವಾಗಿಡುವುದು. ತೋಟಕ್ಕೆ ಹೊಡೆಯುವ ಔಷಧಿಗಳೆಲ್ಲವೂ, ತಳದಲ್ಲಿ ಉಳಿದ ಡಬ್ಬಿಗಳೂ ಸೇರಿ, ಇಂದು ಸಂಜೆಯೊಳಗೆ ಚಿಕ್ಕಪ್ಪನ ಮನೆಗೆ ಹೋಗುತ್ತವೆ. ಬೀಗದ ಕೈ ಅವರ ಬಳಿಯೇ ಇರುತ್ತದೆ, ಎಲ್ಲಿಟ್ಟಿದ್ದಾರೆಂದು ನನಗೆ ಹೇಳುವುದಿಲ್ಲ. ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳನ್ನು ಅಮ್ಮ ಬೀಗ ಹಾಕಿಟ್ಟು ಆಯಾ ಹೊತ್ತಿನದನ್ನಷ್ಟೇ ತೆಗೆದುಕೊಡುತ್ತಾರೆ. ಕೋಣೆಯ ಚಿಲಕವನ್ನು ರಾತ್ರಿ ಹಾಕುವುದಿಲ್ಲ. ಇದು ನನ್ನ ಮೇಲಿನ ಅಪನಂಬಿಕೆಯಲ್ಲ ಎಂದು ಮೇಡಂ ಹೇಳಿದರು. ಯೋಚನೆ ಏರಿದ ಹೊತ್ತು ಸಾಮಾನ್ಯವಾಗಿ ಬಹಳ ಕಾಲ ನಿಲ್ಲುವುದಿಲ್ಲ, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿರುವುದೇ ಮುಖ್ಯ. ನಾನು ಒಪ್ಪಿದ್ದೇನೆ.

ಬದುಕಿರಲು ಕಾರಣವೇನು ಎಂದು ಕೇಳಿದಾಗ ದೊಡ್ಡದೇನೂ ಹೊಳೆಯಲಿಲ್ಲ. ತಂಗಿಗೆ ಸೈಕಲ್ ಕಲಿಸುವುದು ಅರ್ಧಕ್ಕೆ ನಿಂತಿದೆ. ಸದ್ಯಕ್ಕೆ ಅದನ್ನು ಬರೆದಿದ್ದೇನೆ.

ಈ ಹಾಳೆಯ ಮೂಲ ನನ್ನ ದಿಂಬಿನ ಕೆಳಗೆ, ಫೋಟೊ ನನ್ನ ಫೋನಿನಲ್ಲಿ, ಒಂದೊಂದು ಪ್ರತಿ ಅಮ್ಮ, ಚಿಕ್ಕಪ್ಪ ಮತ್ತು ಮೇಡಂ ಬಳಿ ಇರುತ್ತದೆ. ಮುಂದಿನ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಆಸ್ಪತ್ರೆಯಲ್ಲಿ ಮತ್ತೆ ಕುಳಿತು, ಕೆಲಸಕ್ಕೆ ಬಾರದ ಸಾಲುಗಳನ್ನು ಹೊಡೆದು ಬೇರೆ ಬರೆಯುತ್ತೇವೆ. ನಾನು ಬಾರದಿದ್ದರೆ ಮೇಡಂ ಅಂದೇ ಅಮ್ಮನಿಗೆ ಫೋನು ಮಾಡುತ್ತಾರೆ. ಇದನ್ನು ನನಗೆ ಮೊದಲೇ ತಿಳಿಸಿದ್ದಾರೆ.