ವಿಷಯ: ಎಂಬೆಡೆಡ್ ಮತ್ತು ಫೀಲ್ಡ್ ಟೆಸ್ಟಿಂಗ್ ಇಂಟರ್ನ್‌ಶಿಪ್‌ಗೆ ಅರ್ಜಿ – ಭಾಗ್ಯಶ್ರೀ, ಇ ಅಂಡ್ ಸಿ ಅಂತಿಮ ವರ್ಷ, ವಿಜಯಪುರ

ಮಾನ್ಯರೇ,

ನಮಸ್ಕಾರ. ನಿಮ್ಮ ಕಂಪನಿಯ ಆನ್‌ಲೈನ್ ಫಾರ್ಮ್‌ನಲ್ಲಿ ಇವತ್ತು ಬೆಳಿಗ್ಗೆ ಎಂಬೆಡೆಡ್ ಇಂಟರ್ನ್‌ಶಿಪ್‌ಗೆ ಅರ್ಜಿ ತುಂಬಿದ್ದೇನೆ. ಪ್ರಾಜೆಕ್ಟ್ ಬಗ್ಗೆ ಬರೆಯಲು ಅಲ್ಲಿ 500 ಅಕ್ಷರಗಳಷ್ಟೇ ಜಾಗ ಇತ್ತು. ಹೆಚ್ಚಿನ ವಿವರವನ್ನು ಕನ್ನಡದಲ್ಲಾಗಲಿ ಇಂಗ್ಲಿಷ್‌ನಲ್ಲಾಗಲಿ ಈ ವಿಳಾಸಕ್ಕೆ ಮೇಲ್ ಮಾಡಬಹುದು ಎಂದು ಕೊನೆಯಲ್ಲಿ ತೋರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ರೈತರ ಜೊತೆ ಮಾತಾಡಬೇಕಾದ ಕೆಲಸವಾದ್ದರಿಂದ ಕನ್ನಡದಲ್ಲೇ ಬರೆಯುವುದು ಸರಿ ಎನಿಸಿತು.

ನಾನು ವಿಜಯಪುರದಲ್ಲಿ ವಿಟಿಯುಗೆ ಸೇರಿದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಏಳನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮೂರು ತಿಕೋಟಾ ಕಡೆ. ಮನೆಯಲ್ಲಿ ಮೂರು ಎಕರೆ ದ್ರಾಕ್ಷಿ ಇದೆ, ಅದನ್ನು ನಾವೇ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುತ್ತೇವೆ. ನನ್ನ ಪ್ರಾಜೆಕ್ಟ್ ಹುಟ್ಟಿದ್ದು ಆ ಶೆಡ್ಡಿನಲ್ಲೇ.

ಮಣೂಕ ಮಾಡುವುದನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ದ್ರಾಕ್ಷಿ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಜಾಳಿಗೆಯ ರ‍್ಯಾಕ್ ಮೇಲೆ ಹರವುತ್ತೇವೆ. ಅದ್ದಿದ ಮೇಲೆ ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ನಮ್ಮ ಶೆಡ್ಡಿನಲ್ಲಿ ಒಣಗಲು ಹದಿನೈದು ದಿನದ ಆಸುಪಾಸು ಬೇಕು. ಆ ಹದಿನೈದು ದಿನ ಗಾಳಿ ಆಡುತ್ತಿರಬೇಕು, ಮಳೆಯ ಹನಿ ಬೀಳಬಾರದು. ರಾತ್ರಿ ಮೋಡ ಕವಿದು ತೇವ ಏರಿದರೆ ಎದ್ದು ಹೋಗಿ ಶೆಡ್ಡಿನ ಬದಿಗೆ ತಾಡಪತ್ರಿ ಇಳಿಸಬೇಕು. ಶೆಡ್ ಮನೆಯಿಂದ ದೂರ. ಅಪ್ಪ ಸೀಸನ್ ಪೂರ್ತಿ ಅಲ್ಲೇ ಮಲಗುತ್ತಿದ್ದರು. ಅವರು ಮನೆಯಲ್ಲಿ ಮಲಗುವಂತಾಗಲಿ ಎಂಬುದೇ ಈ ಉಪಕರಣ ಮಾಡಲು ಕಾರಣ.

ಒಂದು ಇಎಸ್‌ಪಿ32 ಬೋರ್ಡ್, ತೇವಾಂಶಕ್ಕೆ ಡಿಎಚ್‌ಟಿ22 ಸೆನ್ಸರ್, ಎಸ್‌ಎಂಎಸ್ ಕಳಿಸಲು ಸಿಮ್800ಎಲ್ ಮಾಡ್ಯೂಲ್: ಇಷ್ಟೇ ಸಾಮಾನು. ತೇವಾಂಶ 70 ಪರ್ಸೆಂಟ್ ದಾಟಿದರೆ ಅಪ್ಪನ ಫೋನ್‌ಗೆ ಮೆಸೇಜ್ ಹೋಗಬೇಕು. ಮನೆಯ ಮೇಜಿನ ಮೇಲೆ ಅದು ಒಂದು ವಾರ ತಪ್ಪಿಲ್ಲದೆ ನಡೆಯಿತು. ಶೆಡ್ಡಿನಲ್ಲಿ ಕಟ್ಟಿದ ಮೊದಲ ರಾತ್ರಿಯೇ ನಿಂತಿತು. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಮೆಸೇಜ್ ಕಳಿಸಲು ಹೋದಾಗಲೆಲ್ಲ ಸೀರಿಯಲ್ ಮಾನಿಟರ್‌ನಲ್ಲಿ ಇದೊಂದೇ ಸಾಲು ಬರುತ್ತಿತ್ತು:

```
Brownout detector was triggered
```

ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತಿದೆ ಎಂದು ಅದರ ಅರ್ಥ. ಆದರೆ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗೇ ಕಾಣುತ್ತಿತ್ತು. ಎಲ್ಲವನ್ನೂ ಬಿಚ್ಚಿ ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ಕಾಲೇಜಿಗೆ ಒಯ್ದೆ. ಲ್ಯಾಬ್‌ನಲ್ಲಿ ಮತ್ತೆ ತಪ್ಪಿಲ್ಲದೆ ನಡೆಯಿತು! ಎರಡು ದಿನ ಕೋಡ್‌ನಲ್ಲೇ ತಪ್ಪು ಹುಡುಕುತ್ತ ಕೂತೆ. ನಮ್ಮ ಲ್ಯಾಬ್ ಅಸಿಸ್ಟೆಂಟ್ ಸರ್ ಬಂದು ನೋಡಿ ಒಂದೇ ಮಾತು ಹೇಳಿದರು: “ಶೆಡ್ಡಿನ್ಯಾಗ ಯಾವ ವಾಯರ್ ಹಾಕಿದ್ದಿ, ಅದನ್ನ ತಗೊಂಡು ಬಾ.”

ಮರುದಿನ ಆ ವಾಯರನ್ನೇ ತಂದೆ. ಅಡಾಪ್ಟರ್‌ನಿಂದ ಉಪಕರಣಕ್ಕೆ ನಾಲ್ಕು ಮೀಟರ್ ದೂರ, ಹೋಗಿ ಬರುವ ಲೆಕ್ಕಕ್ಕೆ ಎಂಟು ಮೀಟರ್ ತೆಳು ತಂತಿ. ಅದರ ರೆಸಿಸ್ಟೆನ್ಸ್ ಅಳೆದಾಗ ಸುಮಾರು 0.8 ಓಮ್ ಬಂತು. ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವ ಕ್ಷಣಗಳಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. 2 ಆಂಪಿಯರ್ ಗುಣಿಸು 0.8 ಓಮ್, ಅಂದರೆ 1.6 ವೋಲ್ಟ್ ದಾರಿಯಲ್ಲೇ ಹೋಯಿತು. 5 ವೋಲ್ಟ್‌ನಲ್ಲಿ ಉಳಿದದ್ದು 3.4. ಅಷ್ಟರಲ್ಲಿ ಬೋರ್ಡ್‌ನ ರೆಗ್ಯುಲೇಟರ್ 3.3 ವೋಲ್ಟ್ ಕೊಡಲಾರದು. ಆ ಕುಸಿತ ಒಂದು ಮಿಲಿಸೆಕೆಂಡ್ ಕೂಡ ಇರುವುದಿಲ್ಲ, ಹಾಗಾಗಿ ಮಲ್ಟಿಮೀಟರ್‌ಗೆ ಕಾಣಲಿಲ್ಲ. ಆಸಿಲೋಸ್ಕೋಪ್‌ನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಒಂದರ ಪಕ್ಕ ಒಂದು ಕುಸಿತ ಕಂಡಿತು. ಆ ಚಿತ್ರವನ್ನು ಈ ಮೇಲ್‌ಗೆ ಲಗತ್ತಿಸಿದ್ದೇನೆ. ಆಮೇಲೆ ತಂತಿಯಲ್ಲಿ 12 ವೋಲ್ಟ್ ಹರಿಸಿ, ಉಪಕರಣದ ಪಕ್ಕದಲ್ಲೇ ಬಕ್ ಕನ್ವರ್ಟರ್ ಇಟ್ಟು, ಮಾಡ್ಯೂಲ್‌ನ ಕಾಲಿಗೆ ತಾಗಿದಂತೆ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸುಗೆ ಹಾಕಿದೆ. ಅಂದಿನಿಂದ ಆ ಸಾಲು ಮತ್ತೆ ಕಂಡಿಲ್ಲ.

ಫಾರ್ಮ್‌ನಲ್ಲಿ “ಬ್ಯಾಕ್‌ಲಾಗ್ ಇತ್ತೇ” ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ್ದೇನೆ, ವಿವರಿಸಲು ಅಲ್ಲಿ ಜಾಗ ಇರಲಿಲ್ಲ. ಮೂರನೇ ಸೆಮಿಸ್ಟರ್‌ನ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಫೇಲಾಗಿದ್ದೆ. ಹಳೆಯ ಪ್ರಶ್ನೆಪತ್ರಿಕೆಯ ಲೆಕ್ಕಗಳನ್ನು ಬಾಯಿಪಾಠ ಮಾಡಿ ಹೋಗಿದ್ದೆ, ಪ್ರಶ್ನೆ ಬದಲಾದ ಕೂಡಲೇ ಕೈ ನಿಂತಿತು. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಈಗ ಯಾವ ಬ್ಯಾಕ್‌ಲಾಗೂ ಇಲ್ಲ, ಸಿಜಿಪಿಎ 7.4. ಆದರೆ ಆ ವಿಷಯ ನನಗೆ ನಿಜವಾಗಿ ತಿಳಿದದ್ದು ಪಾಸಾದಾಗ ಅಲ್ಲ, ಈ ಎಂಟು ಮೀಟರ್ ತಂತಿಯ ಮುಂದೆ ಕೂತಾಗ.

ನಾನು ಮುಖ್ಯವಾಗಿ ಹೇಳಬೇಕಾದ್ದು ಇದಕ್ಕಿಂತ ದೊಡ್ಡ ತಪ್ಪಿನ ಬಗ್ಗೆ. ನೀವು ಬರೆದ ಕೋಡ್‌ನ ಒಂದು ತುಣುಕು ಕೊಡಿ ಎಂದು ಫಾರ್ಮ್ ಕೇಳಿತ್ತು. ನಾನು ಕೊಟ್ಟದ್ದು ಇದು:

```c
if (!alertSent && rh > 70.0) {
  sendSms();
  alertSent = true;
} else if (alertSent && rh < 62.0) {
  alertSent = false;
}
```

ತೇವಾಂಶ 70ರ ಆಚೆ ಈಚೆ ತೂಗಾಡಿದಾಗ ಒಂದೇ ರಾತ್ರಿ ಅಪ್ಪನಿಗೆ 41 ಮೆಸೇಜ್ ಹೋಗಿದ್ದವು. ಅದಕ್ಕೇ 70 ಮತ್ತು 62ರ ನಡುವೆ ಅಂತರ ಇಟ್ಟೆ. ಮೆಸೇಜ್‌ಗಳ ಕಾಟ ನಿಂತಿತು, ನನಗೂ ಬಹಳ ಸಮಾಧಾನವಾಯಿತು. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಪಕ್ಕದ ರ‍್ಯಾಕ್‌ಗೆ ಬಣ್ಣಕ್ಕಾಗಿ ಗಂಧಕದ ಹೊಗೆ ಕೊಟ್ಟರು. ಆ ಹೊಗೆ ತಾಗಿ ಸೆನ್ಸರ್ 99.9ಕ್ಕೆ ಅಂಟಿಕೊಂಡಿತು. ಮೇಲಿನ ಕೋಡ್ ಅದನ್ನು ಓದಿ ಒಂದು ಮೆಸೇಜ್ ಕಳಿಸಿತು. ಅಪ್ಪ ಹೋಗಿ ನೋಡಿದರೆ ಆಕಾಶ ಶುಭ್ರವಾಗಿತ್ತು, ತಿರುಗಿ ಬಂದು ಮಲಗಿದರು. ಓದು 62ಕ್ಕೆ ಇಳಿಯಲೇ ಇಲ್ಲ, ಹಾಗಾಗಿ ಮತ್ತೊಂದು ಮೆಸೇಜ್ ಹೋಗುವ ದಾರಿಯೇ ಇರಲಿಲ್ಲ. ಮೂರನೇ ರಾತ್ರಿ ಗಾಳಿ ಮಳೆ ಬಂತು. ಎಚ್ಚರವಾಗಿ ಶೆಡ್ಡಿಗೆ ಓಡುವಷ್ಟರಲ್ಲಿ ಗಾಳಿಯ ಕಡೆಯ ಎರಡು ರ‍್ಯಾಕ್ ತೊಯ್ದಿದ್ದವು. ಆ ಮಾಲು ಕಪ್ಪಾಗಿ ಹೋಯಿತು.

ಅಪ್ಪ ನನ್ನನ್ನು ಬೈಯಲಿಲ್ಲ. “ಮಷೀನ್ ಸುಮ್ಮನ ಐತಿ ಅಂದ್ರ ಎಲ್ಲಾ ಛಲೋ ಐತಿ ಅಂತ ತಿಳ್ಕೊಂಡೆ ಯವ್ವಾ” ಅಂದರು. ಆ ಮಾತು ಈಗಲೂ ನನ್ನ ತಲೆಯಲ್ಲಿದೆ. ಉಪಕರಣ ಸುಮ್ಮನಿದ್ದರೆ ಅದಕ್ಕೆ ಎರಡು ಅರ್ಥ ಇರಬಹುದು, ಎಲ್ಲ ಸರಿ ಇದೆ ಎಂದೋ ಉಪಕರಣವೇ ಕೆಟ್ಟಿದೆ ಎಂದೋ. ನಾನು ಅಪ್ಪನಿಗೆ ಎರಡನ್ನೂ ಒಂದೇ ಮಾಡಿ ಕೊಟ್ಟಿದ್ದೆ. ಕೋಡ್ ಮತ್ತೆ ಓದಿದಾಗ ಇನ್ನೊಂದು ತೂತು ಸಿಕ್ಕಿತು. ಸೆನ್ಸರ್‌ನ ವಾಯರ್ ಕಿತ್ತುಬಂದರೆ ಲೈಬ್ರರಿ `NaN` ಕೊಡುತ್ತದೆ. `NaN` ಅನ್ನು 70ಕ್ಕೆ ಹೋಲಿಸಿದರೂ 62ಕ್ಕೆ ಹೋಲಿಸಿದರೂ ಉತ್ತರ ಸುಳ್ಳು ಎಂದೇ ಬರುತ್ತದೆ. ಆಗಲೂ ಮೌನವೇ.

ಈಗಿನ ಆವೃತ್ತಿಯಲ್ಲಿ `isnan` ಪರೀಕ್ಷೆ ಇದೆ. ಓದು ಆರು ಗಂಟೆ ಒಂದಿಷ್ಟೂ ಅಲುಗಾಡದಿದ್ದರೆ “ಸೆನ್ಸರ್ ನೋಡಿ” ಎಂದು ಮೆಸೇಜ್ ಹೋಗುತ್ತದೆ. ದಿನಾ ಸಂಜೆ 7ಕ್ಕೆ ಆ ಹೊತ್ತಿನ ತೇವಾಂಶ ಮತ್ತು ಬ್ಯಾಟರಿ ವೋಲ್ಟೇಜ್ ತಿಳಿಸುವ ಒಂದು ಮೆಸೇಜ್ ಬರುತ್ತದೆ, ಅದು ಬರದಿದ್ದ ದಿನ ಶೆಡ್ಡಿನಲ್ಲೇ ಮಲಗಬೇಕು ಎಂದು ಅಪ್ಪನ ಜೊತೆ ಮಾತಾಗಿದೆ. ಹೊತ್ತು ಸಂಜೆಗಿಡಿ ಎಂದದ್ದು ಅವರೇ. ನಾನು ಬೆಳಿಗ್ಗೆ 6 ಎಂದು ಇಟ್ಟಿದ್ದೆ, ರಾತ್ರಿ ಕಳೆದ ಮೇಲೆ ತಿಳಿದು ಏನು ಉಪಯೋಗ ಎಂದು ಕೇಳಿದರು. ಗಂಧಕ ಹಾಕುವ ದಿನ ಸೆನ್ಸರನ್ನು ಬಿಚ್ಚಿ ಹೊರಗಿಡುತ್ತೇವೆ. ಅದು ಪೂರ್ಣ ಪರಿಹಾರ ಅಲ್ಲ ಎಂದು ಗೊತ್ತಿದೆ. ಹೊಗೆ ತಡೆಯುವ, ಆದರೆ ತೇವ ಬಿಡುವ ಹೊದಿಕೆ ಯಾವುದು ಎಂದು ಇನ್ನೂ ಹುಡುಕುತ್ತಿದ್ದೇನೆ.

ನಿಮ್ಮಲ್ಲಿಗೇ ಬರಬೇಕು ಎನಿಸಲು ಕಾರಣ ನೀವು ಮಾಡುವ ಮೊಬೈಲ್ ಸ್ಟಾರ್ಟರ್. ನಮ್ಮ ಪಕ್ಕದ ಹೊಲದ ಕಾಕಾ ಬೋರ್‌ವೆಲ್‌ಗೆ ಅಂಥದ್ದೊಂದು ಹಾಕಿಸಿದ್ದಾರೆ, ಬೇರೆ ಕಡೆಯದು. ತ್ರೀ ಫೇಸ್ ಬರುವುದು ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಮೋಟರ್ ಚಾಲೂ ಆಯಿತು ಎಂದು ಮೆಸೇಜ್ ಬಂತೆಂದರೆ ಅವರು ಮಲಗಿಬಿಡುತ್ತಾರೆ. ಆಮೇಲೆ ಒಂದು ಫೇಸ್ ಹೋಗಿ ಮೋಟರ್ ಟ್ರಿಪ್ ಆದಾಗ ನೆಟ್‌ವರ್ಕ್ ಇಲ್ಲದಿದ್ದರೆ ಮೆಸೇಜ್ ಬರುವುದೇ ಇಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಹೊಲ ಒಣಗಿರುತ್ತದೆ, ಕರೆಂಟಿನ ಪಾಳಿ ಮುಗಿದಿರುತ್ತದೆ. ಇದೂ ನಮ್ಮ ಶೆಡ್ಡಿನ ಸಮಸ್ಯೆಯೇ. ಇಂಟರ್ನ್ ಆದವರು ಸರ್ವಿಸ್ ತಂಡದ ಜೊತೆ ಹೊಲಗಳಿಗೆ ಹೋಗಿ, ಕೆಟ್ಟ ಪ್ಯಾನೆಲ್‌ಗಳ ಕಾರಣ ಬರೆದು ತರಬೇಕು ಎಂದು ನಿಮ್ಮ ಪ್ರಕಟಣೆಯಲ್ಲಿ ಓದಿದೆ. ನನಗೆ ಬೇಕಾದದ್ದು ಆ ಕೆಲಸವೇ. ಆಫೀಸಿನ ಸಾಫ್ಟ್‌ವೇರ್ ತಂಡದಲ್ಲಿ ಜಾಗ ಇದ್ದು ಇದರಲ್ಲಿ ಇಲ್ಲದಿದ್ದರೆ ಮುಂದಿನ ಬ್ಯಾಚ್‌ಗೆ ಕಾಯಲು ತಯಾರಿದ್ದೇನೆ.

ಸಿ, ಬೆಸುಗೆ, ಸ್ಕೋಪ್ ಹಿಡಿಯುವುದು, ಎಟಿ ಕಮಾಂಡ್‌ಗಳು ನನಗೆ ಬರುತ್ತವೆ. ಪಿಸಿಬಿ ಡಿಸೈನ್ ಕೈಕ್ಯಾಡ್‌ನಲ್ಲಿ ಒಂದೇ ಬೋರ್ಡ್ ಮಾಡಿದ್ದೇನೆ, ಅದೂ ಎರಡು ಪದರದ್ದು. ತ್ರೀ ಫೇಸ್ ಪ್ಯಾನೆಲ್ ಮೇಲೆ ಇದುವರೆಗೆ ಕೆಲಸ ಮಾಡಿಲ್ಲ. ಸುರಕ್ಷತೆಯಿಂದ ಹಿಡಿದು ಮೊದಲಿನಿಂದ ಕಲಿಸಬೇಕಾಗುತ್ತದೆ, ಅದನ್ನು ಈಗಲೇ ತಿಳಿಸುತ್ತಿದ್ದೇನೆ.

ಜನವರಿ ಕೊನೆಯ ವಾರದಿಂದ ಮೇ ಕೊನೆಯವರೆಗೆ ಬರಬಲ್ಲೆ, ಕಾಲೇಜಿನ ಒಪ್ಪಿಗೆ ಪತ್ರ ಲಗತ್ತಿಸಿದೆ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಅತ್ತೆಯ ಮನೆ ಇದೆ, ಉದ್ಯಮಬಾಗಕ್ಕೆ ದಿನಾ ಅಲ್ಲಿಂದಲೇ ಬರುತ್ತೇನೆ. ಸ್ಟೈಪೆಂಡ್ ನೀವು ಪ್ರಕಟಿಸಿದ್ದೇ ಒಪ್ಪಿಗೆ. ಮಾರ್ಚ್‌ನಲ್ಲಿ ಎರಡು ಶನಿವಾರ ಮಾತ್ರ ರಜೆ ಕೇಳುತ್ತೇನೆ. ಆಗ ಶೆಡ್ಡಿನಲ್ಲಿ ಮಾಲು ಇರುತ್ತದೆ, ಉಪಕರಣ ಒಮ್ಮೆ ಕೈಯಾರೆ ನೋಡಿ ಬರಬೇಕು.

ಸಂದರ್ಶನಕ್ಕೆ ಕರೆದರೆ ಉಪಕರಣವನ್ನೇ ತರುತ್ತೇನೆ, ಆ ಹಳೆಯ ನಾಲ್ಕು ಮೀಟರ್ ವಾಯರ್ ಸಮೇತ. ಮೇಜಿನ ಮೇಲೆ ಎರಡು ನಿಮಿಷದಲ್ಲಿ ಜೋಡಿಸಿ ಅದೇ ರೀಸೆಟ್ ತೋರಿಸಬಹುದು. ನನ್ನ ಫೋನ್ ನಂಬರ್ ಮತ್ತು ಪೂರ್ತಿ ಕೋಡ್‌ನ ಲಿಂಕ್ ಫಾರ್ಮ್‌ನಲ್ಲಿವೆ. ಮಧ್ಯಾಹ್ನ 1ರಿಂದ 2ರವರೆಗೆ ಅಥವಾ ಸಂಜೆ 5ರ ನಂತರ ಕರೆ ಮಾಡಿದರೆ ಕೂಡಲೇ ಸಿಗುತ್ತೇನೆ.

ವಂದನೆಗಳೊಂದಿಗೆ,
ಭಾಗ್ಯಶ್ರೀ
ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್, ಏಳನೇ ಸೆಮಿಸ್ಟರ್
ವಿಜಯಪುರ

ಲಗತ್ತುಗಳು: ರೆಸ್ಯೂಮೆ, ಕಾಲೇಜಿನ ಒಪ್ಪಿಗೆ ಪತ್ರ, ಆಸಿಲೋಸ್ಕೋಪ್ ಚಿತ್ರ, ಶೆಡ್ಡಿನಲ್ಲಿ ಉಪಕರಣ ಕಟ್ಟಿದ ಫೋಟೊ